ಸಕ್ಕರೆ ಕಾಯಿಲೆ ಇಲ್ಲ, ಆದರೂ ಊಟವಾಗಿ ಮೂರು ಗಂಟೆಗೆ ಸಕ್ಕರೆ 52: ದೋಷ ಹುಡುಕುವ ಕ್ರಮ

ಬೆಳಿಗ್ಗೆ ಎಂಟೂವರೆಗೆ ತಿಂಡಿ ಆಗಿರುತ್ತದೆ. ಹನ್ನೊಂದೂವರೆ ಹೊತ್ತಿಗೆ ಕೈ ನಡುಗುತ್ತದೆ, ಹಣೆ ಬೆವರುತ್ತದೆ, ಎದೆ ಡವಡವ ಎನ್ನುತ್ತದೆ. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ತಂದಿಟ್ಟ ಗ್ಲೂಕೋಮೀಟರ್‌ನಲ್ಲಿ ಬೆರಳು ಚುಚ್ಚಿ ನೋಡಿದರೆ 52. ತಿಂದ ಮೇಲೆ ಸಕ್ಕರೆ ಏರಬೇಕಲ್ಲವೇ, ಇಳಿಯುವುದು ಹೇಗೆ? ಊಟದ ನಂತರ ಸುಮಾರು ಎರಡರಿಂದ ಐದು ಗಂಟೆಯೊಳಗೆ ಹೀಗೆ ಇಳಿಯುವುದನ್ನು ರಿಯಾಕ್ಟಿವ್ ಹೈಪೊಗ್ಲೈಸೀಮಿಯಾ ಎನ್ನುತ್ತಾರೆ. ಇದು ಲಕ್ಷಣದ ಹೆಸರು, ಕಾರಣದ ಹೆಸರಲ್ಲ. ಕಾರಣ ಹುಡುಕುವ ಮುನ್ನ ಆ 52 ನಿಜವೇ ಎಂದು ನೋಡಬೇಕು. ಈ ಹೆಜ್ಜೆಯನ್ನು ಹಾರಿದವರೇ ಬೇಡದ ಸ್ಕ್ಯಾನ್‌ಗಳಿಗೆ ದುಡ್ಡು ಸುರಿಯುವುದು.

ಮೊದಲಿಗೆ ಒಂದು ಗುಂಪನ್ನು ಇಲ್ಲೇ ಮನೆಗೆ ಕಳಿಸಿಬಿಡೋಣ. "ಫಾಸ್ಟಿಂಗ್ 94, ಊಟವಾಗಿ ಎರಡು ಗಂಟೆಗೆ 78, ಊಟದ ನಂತರದ್ದೇ ಕಡಿಮೆ ಬಂದಿದೆ" ಎಂದು ವರದಿ ಹಿಡಿದು ಬರುವವರು ಬಹಳ. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ದೇಹದಲ್ಲಿ ಎರಡು ಗಂಟೆಯೊಳಗೆ ಸಕ್ಕರೆ ಏರಿ ಇಳಿದಾಗಿರುತ್ತದೆ. ಬೇರೆ ತೊಂದರೆ ಏನೂ ಇಲ್ಲದಿದ್ದರೆ ಅದು ದೋಷವಲ್ಲ, ಮುಂದಿನ ಪರೀಕ್ಷೆಯೂ ಬೇಡ.

ಅಂಕಿ ನಿಜವೇ?

ಮನೆಯ ಗ್ಲೂಕೋಮೀಟರ್ ಇರುವುದು ಸಕ್ಕರೆ ಕಾಯಿಲೆಯವರ ದಿನನಿತ್ಯದ ಲೆಕ್ಕಕ್ಕೆ. ಈಗಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಸಕ್ಕರೆ 100ಕ್ಕಿಂತ ಕೆಳಗಿದ್ದಾಗ 100 ಬಾರಿಯಲ್ಲಿ 95 ಬಾರಿ ಪ್ರಯೋಗಾಲಯದ ಅಂಕಿಗಿಂತ 15 ಮಿಲಿಗ್ರಾಂ ಆಚೀಚೆಯೊಳಗೆ ತೋರಿಸಿದರೆ ಮೀಟರ್ ಪಾಸ್. (ಇಲ್ಲಿ ಸಕ್ಕರೆಯ ಅಂಕಿಗಳೆಲ್ಲ 100 ಮಿಲಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು.) ಅಂದರೆ ಮೀಟರ್ 58 ಎಂದರೆ ನಿಜವಾದದ್ದು 43 ಇರಬಹುದು, 73 ಕೂಡ ಇರಬಹುದು. 43 ಆದರೆ ತನಿಖೆ ಬೇಕು, 73 ಆದರೆ ಏನೂ ಇಲ್ಲ. ಮೀಟರ್ ಕೆಟ್ಟಿರದೆಯೇ ಇಷ್ಟು ವ್ಯತ್ಯಾಸ ಬರುತ್ತದೆ. ಡಬ್ಬಿಯ ಮುಚ್ಚಳ ಸಡಿಲಾಗಿ ಮಳೆಗಾಲದ ತೇವ ಹಿಡಿದ ಸ್ಟ್ರಿಪ್, ಅವಧಿ ಮುಗಿದ ಸ್ಟ್ರಿಪ್, ತಣ್ಣಗಾದ ಬೆರಳನ್ನು ಹಿಂಡಿ ತೆಗೆದ ಹನಿ, ಇವು ಸೇರಿದರೆ ಇನ್ನೂ ಹೆಚ್ಚು.

ಉಲ್ಟಾ ತಪ್ಪೂ ಆಗುತ್ತದೆ. ನಡುಕ ಬಂದಾಗ ಗಾಬರಿಯಲ್ಲಿ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು, ಅದೇ ಬೆರಳನ್ನು ಚುಚ್ಚಿ ನೋಡಿದರೆ ಬೆರಳಿಗೆ ಅಂಟಿದ ಬೆಲ್ಲವೂ ಲೆಕ್ಕಕ್ಕೆ ಬರುತ್ತದೆ. ಕೈ ತೊಳೆದು, ಒರೆಸಿ, ಆಮೇಲೆ ಚುಚ್ಚಬೇಕು.

ಪ್ರಯೋಗಾಲಯದ ಅಂಕಿಯಾದರೂ ಕಣ್ಣುಮುಚ್ಚಿ ನಂಬುವಂತಿಲ್ಲ. ರಕ್ತ ತೆಗೆದ ಮೇಲೂ ಟ್ಯೂಬ್‌ನೊಳಗಿನ ರಕ್ತಕಣಗಳು ಸಕ್ಕರೆಯನ್ನು ಉಣ್ಣುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದೆ ಹಾಗೇ ಬಿಟ್ಟರೆ ಸಕ್ಕರೆ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಇಳಿಯುತ್ತದೆ, ಬಿಸಿಲಲ್ಲಿ ಇನ್ನೂ ಬೇಗ. ಮನೆಗೆ ಬಂದು ರಕ್ತ ತೆಗೆದುಕೊಂಡು, ಬೈಕ್ ಡಬ್ಬಿಯಲ್ಲಿ ಹಾಕಿ ಇನ್ನೂ ಹತ್ತು ಮನೆ ಸುತ್ತುವ ಹುಡುಗನ ಟ್ಯೂಬ್‌ನಲ್ಲಿ 80 ಇದ್ದದ್ದು 62 ಆಗುವುದು ಸಾಧ್ಯ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸುವುದು ಇದನ್ನು ತಡೆಯಲೆಂದೇ. ಆದರೆ ಫ್ಲೋರೈಡ್ ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು, ಅಷ್ಟರಲ್ಲಿ ಸ್ವಲ್ಪ ಇಳಿದೇ ಇರುತ್ತದೆ. ಬಿಳಿ ರಕ್ತಕಣಗಳು ವಿಪರೀತ ಏರಿರುವವರಲ್ಲಿ ಈ ಸುಳ್ಳು ಇಳಿಕೆ ಇನ್ನೂ ಜಾಸ್ತಿ. ಕಡಿಮೆ ಅಂಕಿ ಬಂದಿದೆ, ಮನುಷ್ಯ ಮಾತ್ರ ಆರಾಮಾಗಿ ಪೇಪರ್ ಓದುತ್ತಿದ್ದ ಎಂದಾದರೆ ಮೊದಲು ಟ್ಯೂಬ್‌ನ ಮೇಲೆ ಅನುಮಾನಪಡಿ.

ಮೂರು ಒಟ್ಟಿಗೆ ಸಿಗಬೇಕು

ಅಮೆರಿಕದ ಶಸ್ತ್ರಚಿಕಿತ್ಸಕ ಅಲೆನ್ ವಿಪಲ್ 1938ರಲ್ಲಿ ಹೇಳಿದ ಸೂತ್ರವೇ ಇಂದಿಗೂ ಈ ತನಿಖೆಯ ಬಾಗಿಲು. ಲಕ್ಷಣ ಕಾಣಬೇಕು. ಅದೇ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆ ಕಡಿಮೆ ಇರಬೇಕು. ಸಕ್ಕರೆ ಏರಿಸಿದಾಗ ಲಕ್ಷಣ ಹೋಗಬೇಕು. ಮೂರರಲ್ಲಿ ಒಂದು ಕೈಕೊಟ್ಟರೂ ಮುಂದಿನ ದುಬಾರಿ ಪರೀಕ್ಷೆಗೆ ಆಧಾರವಿಲ್ಲ.

ಕಡಿಮೆ ಅಂದರೆ ಎಷ್ಟು? ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ 70 ಎಚ್ಚರಿಕೆಯ ಗಂಟೆ. ಔಷಧಿಯೇ ಇಲ್ಲದವರಿಗೆ ಆ ಗೆರೆ ಅನ್ವಯಿಸುವುದಿಲ್ಲ, ಆರೋಗ್ಯವಂತರೂ ಅರವತ್ತರ ಆಸುಪಾಸಿಗೆ ಹೋಗಿಬರುತ್ತಾರೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2009ರ ಮಾರ್ಗಸೂಚಿ ಇಂಥವರಿಗೆ ಇಟ್ಟ ಗೆರೆ 55. ಪ್ರಯೋಗಾಲಯದ ಅಂಕಿ ಅದಕ್ಕಿಂತ ಕೆಳಗಿದ್ದರೆ ಮುಂದಿನ ಹೆಜ್ಜೆ.

ಲಕ್ಷಣಗಳಲ್ಲಿ ಎರಡು ಬಗೆ, ತೂಕ ಬೇರೆ ಬೇರೆ. ನಡುಕ, ಬೆವರು, ಎದೆಬಡಿತ, ಹಸಿವು ಅಡ್ರಿನಾಲಿನ್‌ನಂಥ ಎಚ್ಚರಿಕೆಯ ವ್ಯವಸ್ಥೆಯಿಂದ ಬರುವಂಥವು. ಗಾಬರಿಗೂ ಖಾಲಿ ಹೊಟ್ಟೆಯ ಕಾಫಿಗೂ ಇದರಲ್ಲಿ ಬಹುಪಾಲು ಬರಬಹುದು. ಮಾತು ತೊದಲುವುದು, ಮಬ್ಬು, ಎದುರಿಗಿರುವವರ ಪ್ರಶ್ನೆಗೆ ಅಸಂಬದ್ಧ ಉತ್ತರ, ಕಣ್ಣು ಮಂಜು, ಪ್ರಜ್ಞೆ ತಪ್ಪುವುದು, ಇವು ಮೆದುಳಿಗೆ ಸಕ್ಕರೆ ಸಾಲದೆ ಬರುವಂಥವು. ಎರಡನೆಯ ಗುಂಪಿನದು ಒಂದೇ ಸಲ ಬಂದಿದ್ದರೂ ತನಿಖೆ ಮುಂದೂಡಬಾರದು. ಆ ಹೊತ್ತಿನಲ್ಲಿ ಏನಾಯಿತೆಂದು ರೋಗಿಗೇ ನೆನಪಿರುವುದಿಲ್ಲ, ಆದ್ದರಿಂದ ಪಕ್ಕದಲ್ಲಿದ್ದವರನ್ನೇ ಕೇಳಬೇಕು.

ಮೂರನ್ನೂ ಹಿಡಿಯುವ ಸುಲಭದ ದಾರಿ ಹೀಗೆ. ವೈದ್ಯರಿಂದ ಸಕ್ಕರೆ ಪರೀಕ್ಷೆಯ ಚೀಟಿಯನ್ನು ಮೊದಲೇ ಬರೆಸಿಟ್ಟುಕೊಳ್ಳಿ. ಹತ್ತಿರದ, ಅಲ್ಲೇ ಯಂತ್ರ ಇರುವ ಲ್ಯಾಬ್ ಯಾವುದೆಂದು ನೋಡಿಡಿ. ಲಕ್ಷಣ ಸಾಮಾನ್ಯವಾಗಿ ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಜೊತೆಗೊಬ್ಬರನ್ನು ಕರೆದುಕೊಂಡು ಲ್ಯಾಬ್‌ನಲ್ಲೇ ಕುಳಿತಿರಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಲಕ್ಷಣ ಶುರುವಾದಾಗ ಮೊದಲು ತೋಳಿನಿಂದ ರಕ್ತ, ಬೂದು ಟ್ಯೂಬ್‌ಗೆ. ಆಮೇಲೆ 15 ಗ್ರಾಂ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಕುಡಿಯಿರಿ. ಹದಿನೈದು ನಿಮಿಷಕ್ಕೆ ಹೇಗಿದೆ ಎಂದು ಬರೆದಿಡಿ. ಮನೆಯಲ್ಲೇ ಲಕ್ಷಣ ಬಂತು, ಲ್ಯಾಬ್ ದೂರ ಎಂದಾದರೆ ರಕ್ತದ ಆಸೆಗೆ ಕಾಯಬೇಡಿ, ಸಕ್ಕರೆ ಕುಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹುಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಒಯ್ಯಬೇಕು.

ಹೀಗೆ ಹಿಡಿದ ರಕ್ತದಲ್ಲಿ ಹಲವರಿಗೆ ಸಿಗುವುದು 75, 82ರಂಥ ಅಂಕಿ. ಲಕ್ಷಣ ಸುಳ್ಳಲ್ಲ, ಆದರೆ ಅದಕ್ಕೆ ಸಕ್ಕರೆ ಕಾರಣವಲ್ಲ. ಆಗ ರಕ್ತಹೀನತೆ, ಥೈರಾಯ್ಡ್, ಎದೆಬಡಿತದ ಲಯ, ಆತಂಕ ಇವುಗಳ ಕಡೆ ತಿರುಗಬೇಕು. ಇಲ್ಲಿಂದ ಮುಂದಿನದು 55ಕ್ಕಿಂತ ಕೆಳಗೆ ಸಿಕ್ಕವರಿಗೆ.

ಜಿಟಿಟಿ ಯಾಕೆ ಬೇಡ

ಈ ಹಂತದಲ್ಲಿ ಅಭ್ಯಾಸಬಲದಿಂದ ಬರೆಯುವ ಪರೀಕ್ಷೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಐದು ಗಂಟೆ ನೋಡುವ ಜಿಟಿಟಿ. ಇಲ್ಲಿ ಇದು ದಾರಿ ತಪ್ಪಿಸುತ್ತದೆ. ಖಾಲಿ ಹೊಟ್ಟೆಗೆ ಬರೀ ಗ್ಲೂಕೋಸ್ ನೀರು ಯಾರೂ ದಿನಾ ಕುಡಿಯುವುದಿಲ್ಲ. ಅದು ಸರ್ರನೆ ಏರುತ್ತದೆ, ಇನ್ಸುಲಿನ್ ಜೋರಾಗಿ ಸುರಿಯುತ್ತದೆ, ಆಮೇಲೆ ಧೊಪ್ಪನೆ ಇಳಿಯುತ್ತದೆ. ಯಾವ ತೊಂದರೆಯೂ ಇಲ್ಲದ ಹತ್ತು ಜನರಲ್ಲಿ ಒಬ್ಬರಾದರೂ ಇದರಲ್ಲಿ 50ಕ್ಕಿಂತ ಕೆಳಗೆ ಇಳಿಯುತ್ತಾರೆ. ಅಂಥ ಪರೀಕ್ಷೆ ಆರೋಗ್ಯವಂತರಿಗೂ ರೋಗದ ಪಟ್ಟಿ ಅಂಟಿಸುತ್ತದೆ.

ಸರಿಯಾದದ್ದು ಮಿಕ್ಸ್ಡ್ ಮೀಲ್ ಟೆಸ್ಟ್: ಲಕ್ಷಣ ತರಿಸುವ ಊಟವನ್ನೇ ಕೊಟ್ಟು ಐದು ಗಂಟೆ ಕಾಯುವುದು. ಇಡ್ಲಿ ತಿಂದಾಗ ಆಗುತ್ತದೆ ಎನ್ನುವವರಿಗೆ ಇಡ್ಲಿಯನ್ನೇ ಕೊಡಬೇಕು. ರಾತ್ರಿಯ ಉಪವಾಸದ ನಂತರ ಮೊದಲ ರಕ್ತ, ಆಮೇಲೆ ತಿಂಡಿ, ಆಮೇಲೆ ಅರ್ಧ ಗಂಟೆಗೊಮ್ಮೆ 300 ನಿಮಿಷದವರೆಗೆ ರಕ್ತ. ಪ್ರತಿ ಸಲ ಸಕ್ಕರೆ, ಇನ್ಸುಲಿನ್, ಇನ್ಸುಲಿನ್ ಜೊತೆಯಲ್ಲೇ ಹೊರಬರುವ ಸಿ-ಪೆಪ್ಟೈಡ್, ಇನ್ಸುಲಿನ್ ಆಗುವ ಮೊದಲಿನ ರೂಪವಾದ ಪ್ರೊಇನ್ಸುಲಿನ್‌ಗೆ ಆಗುವಷ್ಟು ರಕ್ತ ತೆಗೆಯುತ್ತಾರೆ, ಆದರೆ ಎಲ್ಲವನ್ನೂ ಅಳೆಯುವುದಿಲ್ಲ. ಸೀರಮ್ ಬೇರ್ಪಡಿಸಿ ಫ್ರೀಜರ್‌ನಲ್ಲಿಟ್ಟು, ಸಕ್ಕರೆ 60ಕ್ಕಿಂತ ಕೆಳಗೆ ಬಂದ ಹೊತ್ತಿನದನ್ನು ಮಾತ್ರ ಹಾರ್ಮೋನು ಪರೀಕ್ಷೆಗೆ ಕಳಿಸಿದರೆ ಸಾಕು. ಬಿಲ್ ಅಷ್ಟರಮಟ್ಟಿಗೆ ಇಳಿಯುತ್ತದೆ. ನಡುವೆ ಲಕ್ಷಣ ಜೋರಾದರೆ ಮೊದಲು ರಕ್ತ ತೆಗೆದು ಆಮೇಲೆ ಗ್ಲೂಕೋಸ್ ಕೊಡಬೇಕು. ಈ ಕ್ರಮ ತಿರುವುಮುರುವಾದರೆ ಐದು ಗಂಟೆಯ ಕೂರಾಟ ವ್ಯರ್ಥ.

ಹಾಳಾಗುವ ಜಾಗಗಳು ಎರಡು. ಸೂಜಿ ಸರಿಯಾಗಿ ಸಿಗದೆ ರಕ್ತಕಣ ಒಡೆದರೆ ಅದರೊಳಗಿನ ಕಿಣ್ವ ಇನ್ಸುಲಿನ್ ಅನ್ನು ಕತ್ತರಿಸುತ್ತದೆ, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಇನ್ನೊಂದು ಬಯೋಟಿನ್. ಕೂದಲು ಉದುರುವುದಕ್ಕೆಂದು ತೆಗೆದುಕೊಳ್ಳುವ ಹೆಚ್ಚು ಪ್ರಮಾಣದ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಹಾರ್ಮೋನು ಅಳತೆಯನ್ನು ಕೆಡಿಸಿ ಇನ್ಸುಲಿನ್, ಸಿ-ಪೆಪ್ಟೈಡ್‌ಗಳನ್ನು ಕಡಿಮೆ ತೋರಿಸಬಲ್ಲದು. ವೈದ್ಯರಿಗೆ ತಿಳಿಸಿ, ಎರಡು ಮೂರು ದಿನ ಮೊದಲೇ ನಿಲ್ಲಿಸಿರಬೇಕು.

ಒಂದು ಪ್ರಕರಣವನ್ನು ಬಿಡಿಸಿ ನೋಡೋಣ

ವಿವರಣೆಗಾಗಿ ಕಟ್ಟಿದ ಉದಾಹರಣೆ ಇದು. 48ರ ಹೆಂಗಸು, ಟೈಲರಿಂಗ್ ಕೆಲಸ, ಸಕ್ಕರೆ ಕಾಯಿಲೆ ಇಲ್ಲ, ಹೊಟ್ಟೆಯ ಆಪರೇಷನ್ ಆಗಿಲ್ಲ. ಎರಡು ತಿಂಗಳಿಂದ ವಾರಕ್ಕೆ ಮೂರು ನಾಲ್ಕು ಸಲ ಹನ್ನೆರಡರ ಹೊತ್ತಿಗೆ ಬೆವರು, ನಡುಕ. ಒಂದು ಸಲ ಅಳತೆಯ ಟೇಪ್ ಹಿಡಿದುಕೊಂಡೇ ಮಂಕಾಗಿ ಕುಳಿತಿದ್ದನ್ನು ಮಗಳು ನೋಡಿದ್ದಾಳೆ. ಲ್ಯಾಬ್‌ನಲ್ಲಿ ಲಕ್ಷಣದ ಹೊತ್ತಿಗೆ 49, ಗ್ಲೂಕೋಸ್ ಕುಡಿದ ಮೇಲೆ ಸರಿಯಾಯಿತು. ಮೂರೂ ಸಿಕ್ಕವು. ನಾಲ್ಕು ಇಡ್ಲಿ, ಚಟ್ನಿ, ಸಾಂಬಾರ್, ಸಕ್ಕರೆ ಹಾಕಿದ ಕಾಫಿ ಕೊಟ್ಟು ಪರೀಕ್ಷೆ ನಡೆಯಿತು.

| ನಿಮಿಷ | ಸಕ್ಕರೆ | ಸ್ಥಿತಿ |
|---|---|---|
| 0 | 84 | ಆರಾಮ |
| 60 | 196 | ಆರಾಮ |
| 120 | 212 | ಆರಾಮ |
| 180 | 118 | ಆರಾಮ |
| 210 | 71 | ಹಸಿವು |
| 240 | 46 | ಬೆವರು, ತೊದಲು ಮಾತು |

240ನೇ ನಿಮಿಷದ ರಕ್ತದಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 420 ಮೈಕ್ರೋಯೂನಿಟ್, ಸಿ-ಪೆಪ್ಟೈಡ್ 4.8 ನ್ಯಾನೋಗ್ರಾಂ.

ಮೊದಲ ಗುಂಡಿ 120ನೇ ನಿಮಿಷದ 212ರಲ್ಲೇ ಇದೆ. ಆ ಒಂದು ಅಂಕಿಯನ್ನು ಮಾತ್ರ ನೋಡಿದವರು "ಶುಗರ್ ಶುರುವಾಗಿದೆ" ಎಂದು ಗ್ಲಿಮೆಪಿರೈಡ್ ಬರೆದರೆ, ಇನ್ನೂ ಇನ್ಸುಲಿನ್ ಸುರಿಸುವ ಆ ಮಾತ್ರೆ ಬೆಂಕಿಗೆ ತುಪ್ಪ ಹಾಕಿದ ಹಾಗೆ.

ಎರಡನೆಯದು ಇನ್ಸುಲಿನ್ ಓದುವ ರೀತಿ. ವರದಿಯ ಪಕ್ಕದಲ್ಲಿ ಅಚ್ಚಾಗಿರುವ "ನಾರ್ಮಲ್" ವ್ಯಾಪ್ತಿ ಸಕ್ಕರೆ ಸರಿಯಿರುವವರ ಖಾಲಿ ಹೊಟ್ಟೆಯದು, ಇಲ್ಲಿ ಅದರಿಂದ ಉಪಯೋಗವಿಲ್ಲ. ಸಕ್ಕರೆ 55ಕ್ಕಿಂತ ಇಳಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ನಲ್ಲಿಯನ್ನು ಮುಚ್ಚಬೇಕು. ಉಪವಾಸದ ಪರೀಕ್ಷೆಗೆ ಇಟ್ಟ ಗೆರೆಗಳ ಪ್ರಕಾರ, ಆಗಲೂ ಇನ್ಸುಲಿನ್ ಮಿಲಿಲೀಟರಿಗೆ 3 ಮೈಕ್ರೋಯೂನಿಟ್ ಅಥವಾ ಮೇಲೆ, ಸಿ-ಪೆಪ್ಟೈಡ್ 0.6 ನ್ಯಾನೋಗ್ರಾಂ ಅಥವಾ ಮೇಲೆ ಇದ್ದರೆ ನಲ್ಲಿ ಮುಚ್ಚಿಲ್ಲ ಎಂದರ್ಥ. ವರದಿಯಲ್ಲಿ "ನಾರ್ಮಲ್" ಎಂದು ಬರುವ 9 ಕೂಡ ಸಕ್ಕರೆ 46 ಇರುವಾಗ ತಪ್ಪೇ. ಊಟದ ಪರೀಕ್ಷೆಗೆಂದೇ ಒಪ್ಪಿತವಾದ ಗೆರೆಗಳಿಲ್ಲ, ಆದ್ದರಿಂದ ಗೆರೆಯ ಅಂಚಿನ ಅಂಕಿ ಬಂದಾಗ ಅವಸರದ ತೀರ್ಮಾನ ಬೇಡ. 420 ಅಂಚಿನದಲ್ಲ, ಬೆಟ್ಟದಷ್ಟಿದೆ.

ಈ ಇನ್ಸುಲಿನ್ ಎಲ್ಲಿಯದು ಎಂದು ಸಿ-ಪೆಪ್ಟೈಡ್ ಸುಳಿವು ಕೊಡುತ್ತದೆ. ಗ್ರಂಥಿ ಇನ್ಸುಲಿನ್ ಬಿಡುವಾಗ ಅಣುವಿಗೆ ಅಣುವಿನಂತೆ ಸಿ-ಪೆಪ್ಟೈಡ್ ಅನ್ನೂ ಬಿಡುತ್ತದೆ. ಸೂಜಿಯಲ್ಲಿ ಹಾಕಿಕೊಂಡ ಇನ್ಸುಲಿನ್ ಆಗಿದ್ದರೆ ಸಿ-ಪೆಪ್ಟೈಡ್ ತಳ ಕಂಡಿರುತ್ತಿತ್ತು. ಇಲ್ಲಿ 4.8 ಇದೆ, ಹಾಗಾಗಿ ದೇಹದ್ದೇ. ಆದರೆ ಲೆಕ್ಕ ಹೊಂದುತ್ತಿಲ್ಲ. ಎರಡನ್ನೂ ಒಂದೇ ಅಳತೆಗೆ ತರಲು ಇನ್ಸುಲಿನ್ ಅನ್ನು 6ರಿಂದ, ಸಿ-ಪೆಪ್ಟೈಡ್ ಅನ್ನು 331ರಿಂದ ಗುಣಿಸಬೇಕು. 420ಕ್ಕೆ 2,520, 4.8ಕ್ಕೆ ಸುಮಾರು 1,589. ಇನ್ಸುಲಿನ್ ರಕ್ತದಿಂದ ಬೇಗ ಮಾಯವಾಗುತ್ತದೆ, ಸಿ-ಪೆಪ್ಟೈಡ್ ನಿಧಾನವಾಗಿ. ಆದ್ದರಿಂದ ಯಾವಾಗಲೂ ಸಿ-ಪೆಪ್ಟೈಡ್ ಮೇಲುಗೈ ಇರಬೇಕು. ಇಲ್ಲಿ ಇನ್ಸುಲಿನ್ ಒಂದೂವರೆ ಪಟ್ಟಿಗಿಂತ ಹೆಚ್ಚಿದೆ. ಅದನ್ನು ರಕ್ತದಲ್ಲೇ ಯಾವುದೋ ಹಿಡಿದಿಟ್ಟುಕೊಂಡಿದೆ.

ಹಿಡಿದಿಟ್ಟುಕೊಳ್ಳುವುದು ಪ್ರತಿಕಾಯ. ಇನ್ಸುಲಿನ್ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಬಂತು. ಇದು ಇನ್ಸುಲಿನ್ ಆಟೋಇಮ್ಯೂನ್ ಸಿಂಡ್ರೋಮ್, 1970ರಲ್ಲಿ ಜಪಾನಿನ ಹಿರಾಟಾ ವಿವರಿಸಿದ್ದು. ಊಟವಾದಾಗ ಬಂದ ಇನ್ಸುಲಿನ್ ಅನ್ನು ಪ್ರತಿಕಾಯಗಳು ಸ್ಪಂಜಿನಂತೆ ಹೀರಿಕೊಳ್ಳುತ್ತವೆ, ಹಾಗಾಗಿ ಮೊದಲ ಎರಡು ಗಂಟೆ ಸಕ್ಕರೆ 212ರವರೆಗೆ ಏರುತ್ತದೆ. ಊಟದ ಸಕ್ಕರೆ ಮುಗಿದ ಮೇಲೆ ಹಿಡಿದದ್ದನ್ನು ಬಿಟ್ಟುಕೊಡುತ್ತವೆ, ನಾಲ್ಕನೇ ಗಂಟೆಗೆ 46. ಕೋಷ್ಟಕದ ಏರಿಳಿತ ಪೂರ್ತಿ ಇಷ್ಟರಲ್ಲೇ ಬಿಡಿಸಿಕೊಂಡಿತು.

ಶುರು ಮಾಡಿದ್ದು ಯಾವುದು? ಮಾತ್ರೆಗಳ ಚೀಲವನ್ನು ಮೇಜಿನ ಮೇಲೆ ಸುರಿಸಿದಾಗ ಗೊತ್ತಾಯಿತು. ಪಾದ ಜುಮ್ಮೆನ್ನುತ್ತದೆಂದು ಮೂರೂವರೆ ತಿಂಗಳ ಹಿಂದೆ ಕೊಟ್ಟಿದ್ದ ನರದ ಮಾತ್ರೆಯಲ್ಲಿ ಮೀಥೈಲ್‌ಕೋಬಾಲಮಿನ್ ಜೊತೆ ಆಲ್ಫಾ ಲಿಪೊಯಿಕ್ ಆಸಿಡ್ ಇತ್ತು. ಈ ಜೋಡಿ ನಮ್ಮಲ್ಲಿ ಬಹಳ ಸಾಮಾನ್ಯ. ರೋಗಿಗಳು ಅದನ್ನು "ವಿಟಮಿನ್" ಎನ್ನುತ್ತಾರೆ, ಔಷಧಿಯ ಪಟ್ಟಿಯಲ್ಲಿ ಹೇಳುವುದೇ ಇಲ್ಲ. ಗಂಧಕದ ಅಂಶವಿರುವ ಈ ವಸ್ತು, ಥೈರಾಯ್ಡ್ ಜಾಸ್ತಿ ಇದ್ದಾಗ ಕೊಡುವ ಕಾರ್ಬಿಮಝೋಲ್ ಮತ್ತು ಮೆಥಿಮಝೋಲ್‌ಗಳಂತೆಯೇ, ಆನುವಂಶಿಕ ಒಲವು ಇರುವ ಕೆಲವರಲ್ಲಿ ಈ ಪ್ರತಿಕಾಯಗಳನ್ನು ಎಬ್ಬಿಸಬಲ್ಲದು. ಕೋಟ್ಯಂತರ ಜನ ಏನೂ ಆಗದೆ ನುಂಗುತ್ತಾರೆ, ಇದು ಅಪರೂಪ. ಆದರೆ ಇಷ್ಟು ಅಗ್ಗದ ಸುಳಿವು ಬೇರೊಂದಿಲ್ಲ, ಸ್ಟ್ರಿಪ್‌ನ ಹಿಂಬದಿಯನ್ನು ಓದಿದರೆ ಸಾಕು. ಕಾರ್ಬಿಮಝೋಲ್ ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸುವಂಥದ್ದಲ್ಲ, ವೈದ್ಯರೇ ಬದಲಿಸಬೇಕು.

ಅದೇ ಚೀಲದಲ್ಲಿ ಇನ್ನೊಂದನ್ನೂ ಹುಡುಕಬೇಕು. ಗಂಡನ ಗ್ಲಿಮೆಪಿರೈಡ್ ಅದೇ ಡಬ್ಬಿಯಲ್ಲಿ ಇದ್ದರೆ, ಕತ್ತರಿಸಿಟ್ಟ ಬಿಡಿ ಮಾತ್ರೆಗಳು ಅದಲುಬದಲಾಗಬಹುದು. ಆ ಮಾತ್ರೆಯಲ್ಲಿ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಎರಡೂ ಏರುವುದರಿಂದ ಹಾರ್ಮೋನಿನ ಅಂಕಿಗಳಿಂದ ಅದನ್ನು ಇನ್ಸುಲಿನ್ ಸುರಿಸುವ ಗೆಡ್ಡೆಯಿಂದ ಬೇರೆ ಮಾಡಲಾಗುವುದಿಲ್ಲ. ಇಳಿಕೆಯ ಹೊತ್ತಿನ ಅದೇ ರಕ್ತದಲ್ಲಿ ಆ ಜಾತಿಯ ಮಾತ್ರೆಗಳನ್ನು ಪತ್ತೆಹಚ್ಚುವ ಸಲ್ಫೊನೈಲ್‌ಯೂರಿಯಾ ಪರೀಕ್ಷೆ ಮಾಡಿಸಬೇಕು. ಇಲ್ಲಿ ಅದು ನೆಗೆಟಿವ್.

ಮಾತ್ರೆ ನಿಂತಿತು. ಹೊಟ್ಟೆಯ ಸಿಟಿ ಸ್ಕ್ಯಾನ್ ಬೇಕಾಗಲಿಲ್ಲ. ಪ್ರತಿಕಾಯಗಳು ಒಂದೇ ವಾರದಲ್ಲಿ ಹೋಗುವುದಿಲ್ಲ, ಕೆಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಸಣ್ಣ ಸಣ್ಣ ಊಟ, ಕೈಯಲ್ಲಿ ಗ್ಲೂಕೋಸ್.

ಅಂಕಿಗಳು ಬೇರೆ ದಾರಿ ಹಿಡಿದರೆ

ಇನ್ಸುಲಿನ್ ಇಷ್ಟು ವಿಪರೀತವಿಲ್ಲದೆ, ಮುಚ್ಚಬೇಕಾದಾಗ ಮುಚ್ಚಿಲ್ಲ ಎನ್ನುವಷ್ಟು ಮಾತ್ರ ಇದ್ದರೆ ಮೊದಲ ಪ್ರಶ್ನೆ ಹೊಟ್ಟೆಯ ಆಪರೇಷನ್. ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆದವರಲ್ಲಿ ಊಟ ಸಣ್ಣ ಕರುಳಿಗೆ ನೇರ ಸುರಿದು, ಕರುಳಿನ ಹಾರ್ಮೋನು ಉಕ್ಕಿ, ಇನ್ಸುಲಿನ್ ಅತಿಯಾಗುತ್ತದೆ. ಇದು ಸಾಮಾನ್ಯವಾಗಿ ಆಪರೇಷನ್ ಆಗಿ ವರ್ಷ ಕಳೆದ ಮೇಲೆ ಶುರುವಾಗುವುದರಿಂದ ರೋಗಿಗೆ ಎರಡಕ್ಕೂ ನಂಟು ಹೊಳೆಯುವುದೇ ಇಲ್ಲ, ಕೇಳಿಯೇ ತಿಳಿಯಬೇಕು. ತಿಂದು ಅರ್ಧ ಗಂಟೆಯೊಳಗೇ ಬೆವರು, ಹೊಟ್ಟೆ ನುಲಿತ ಬಂದರೆ ಅದು ಬೇರೆ, ಸಕ್ಕರೆ ಇಳಿದದ್ದಲ್ಲ.

ಆಪರೇಷನ್ ಇಲ್ಲದವರಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರು ಸಿಗುತ್ತಾರೆ. ಇನ್ಸುಲಿನ್ ತಡವಾಗಿ ಎಚ್ಚೆತ್ತು, ತಡವಾಗಿಯೇ ಜಾಸ್ತಿ ಸುರಿದು, ನಾಲ್ಕನೇ ಗಂಟೆಗೆ ಸಕ್ಕರೆ ಜಾರುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಈ ಕಡೆ ನೋಡಿ.

ಇನ್ಸುಲಿನೋಮ ಎಂಬ ಗೆಡ್ಡೆಯ ಹೆಸರು ಕೇಳಿದ ಕೂಡಲೇ ಹೆದರುವವರಿಗೆ ಒಂದು ಅಂಕಿ: ಮೇಯೋ ಕ್ಲಿನಿಕ್ಕಿನ ದೊಡ್ಡ ಸರಣಿಯಲ್ಲಿ ಬರೀ ಊಟದ ನಂತರ ಮಾತ್ರ ಇಳಿಕೆ ಕಂಡ ಇನ್ಸುಲಿನೋಮ ರೋಗಿಗಳು ಶೇ 6ರಷ್ಟು. ಉಳಿದವರಿಗೆಲ್ಲ ಉಪವಾಸದಲ್ಲೂ ಇಳಿಯುತ್ತಿತ್ತು. ಬೆಳಗಿನ ಜಾವ ಅಥವಾ ಊಟ ತಪ್ಪಿದಾಗಲೂ ಲಕ್ಷಣ ಬರುತ್ತಿದ್ದರೆ ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ 72 ಗಂಟೆಯ ಉಪವಾಸ ಪರೀಕ್ಷೆಯೇ ಸರಿ. ಹಾರ್ಮೋನಿನಲ್ಲಿ ದೋಷ ಸಾಬೀತಾಗುವ ಮುನ್ನ ಸ್ಕ್ಯಾನ್ ಮಾಡಿಸಿದರೆ, ಮೇದೋಜೀರಕದಲ್ಲಿ ಯಾವುದೋ ನಿರಪಾಯದ ಚುಕ್ಕೆ ಸಿಕ್ಕಿ ಅದರ ಹಿಂದೆ ಓಡುವ ಕೆಲಸ ಹೆಚ್ಚುತ್ತದೆ.

ತನಿಖೆ ನಡೆಯುವಾಗ ತಿಂಡಿಯಲ್ಲಿ ಅಕ್ಕಿ, ಸಕ್ಕರೆ ಕಡಿಮೆ ಮಾಡಿ ಕಾಳು, ಮೊಟ್ಟೆ, ಶೇಂಗಾ, ಮೊಸರು ಹೆಚ್ಚಿಸಿದರೆ, ಒಂದೇ ಸಲಕ್ಕೆ ತಿನ್ನುವ ಬದಲು ಎರಡು ಭಾಗ ಮಾಡಿದರೆ ಇಳಿತ ಸೌಮ್ಯವಾಗುತ್ತದೆ. ಆದರೆ ಊಟದ ಪರೀಕ್ಷೆಯ ದಿನ ಹಳೆಯ ತಿಂಡಿಯನ್ನೇ ತಿನ್ನಿ, ಇಲ್ಲವಾದರೆ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಊಟದ ಬದಲಾವಣೆ ಸಾಲದಿದ್ದರೆ ವೈದ್ಯರು ಅಕಾರ್ಬೋಸ್ ಮಾತ್ರೆ ಕೊಡುವುದುಂಟು. ಅದು ಪಿಷ್ಟ ಮತ್ತು ಸಕ್ಕರೆ ಒಡೆಯುವುದನ್ನು ಕರುಳಿನಲ್ಲೇ ನಿಧಾನ ಮಾಡುತ್ತದೆ. ಅದನ್ನು ತೆಗೆದುಕೊಳ್ಳುವವರಿಗೆ ಇಳಿತ ಬಂದಾಗ ಮನೆಯ ಸಕ್ಕರೆ, ಬೆಲ್ಲ, ಚಾಕೊಲೇಟ್ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಅವನ್ನೂ ಒಡೆದೇ ಹೀರಿಕೊಳ್ಳಬೇಕು. ಒಡೆಯುವ ಅಗತ್ಯವಿಲ್ಲದ ಗ್ಲೂಕೋಸ್ ಪುಡಿಯೇ ಜೇಬಿನಲ್ಲಿರಬೇಕು.